31ನೇ ದಿನ ಕರಾರು ತಾನಾಗಿ ಸಾಯುತ್ತದೆಯೇ?

ಯಂತ್ರಗಳ ನಿರ್ವಹಣೆಯ ಇಟಾಲಿಯನ್ ಕರಾರಿನ ಇಂಗ್ಲಿಷ್ ಅನುವಾದ ಒಂದೇ ವಾಕ್ಯದಲ್ಲಿ ನಾಲ್ಕು ದಿನ ಸಿಕ್ಕಿಬಿದ್ದಿತ್ತು. ನಿನ್ನೆ ರಾತ್ರಿ ಬಿಡಿಸಿಕೊಂಡಿತು.

ಗ್ರಾಹಕರು ಹಣ ಕಟ್ಟಲು 30 ದಿನಕ್ಕಿಂತ ತಡಮಾಡಿದರೆ, ಸಿವಿಲ್ ಸಂಹಿತೆಯ 1456ನೇ ವಿಧಿಯಂತೆ ಕರಾರು 'ಸಿ ರಿಸೊಲ್ವೆ ದಿ ದಿರಿತ್ತೊ', ಅಂದರೆ ಕಾನೂನಿನ ಬಲದಿಂದಲೇ ರದ್ದಾಗುತ್ತದೆ, ಎಂದು ಮೂಲದಲ್ಲಿತ್ತು. ನಾನು 'ಶ್ಯಾಲ್ ಆಟೊಮ್ಯಾಟಿಕಲಿ ಟರ್ಮಿನೇಟ್' ಎಂದು ಬರೆದೆ. ದುಡ್ಡು ಕೊಟ್ಟು ತರಿಸಿದ ಕಾನೂನು ನಿಘಂಟೂ ಅದನ್ನೇ ಕೊಟ್ಟಿತ್ತು, ಒಂದು ಸಾಲಿನ ಎಚ್ಚರಿಕೆಯೂ ಇಲ್ಲದೆ. ಕರಡು ಓದಿದ ಇಟಲಿಯ ವಕೀಲರು ಕೇಳಿದರು: "ಹಾಗಾದರೆ 31ನೇ ದಿನ ಪೂರೈಕೆದಾರನಿಗೆ ಬೇಡವಾದರೂ ಕರಾರು ಮುಗಿದುಹೋಯಿತೇ?"

ಇಂಗ್ಲಿಷ್ ಓದಿದರೆ ಉತ್ತರ ಹೌದು ಅನ್ನಿಸುತ್ತದೆ. ಕರಾರಿನಿಂದ ಬಿಡಿಸಿಕೊಳ್ಳಬೇಕೆಂದಿರುವ ಗ್ರಾಹಕ ಹಣ ಕಟ್ಟದೆ ಸುಮ್ಮನಿದ್ದರೆ ಸಾಕು, ಅವನ ತಪ್ಪೇ ಅವನಿಗೆ ಬಾಗಿಲಾಗುತ್ತದೆ. 1456ನೇ ವಿಧಿ ಹೇಳುವುದು ಬೇರೆ. ತೊಂದರೆಗೊಳಗಾದ ಪಕ್ಷ 'ಈ ಷರತ್ತನ್ನು ಬಳಸಿಕೊಳ್ಳುತ್ತೇನೆ' ಎಂದು ಎದುರು ಪಕ್ಷಕ್ಕೆ ತಿಳಿಸಿದಾಗ ಮಾತ್ರ ಕರಾರು ಬಿದ್ದುಹೋಗುತ್ತದೆ. 'ದಿ ದಿರಿತ್ತೊ' ಎಂದರೆ ನ್ಯಾಯಾಲಯದ ತೀರ್ಪು ಬೇಕಿಲ್ಲ ಎಂದು. ಯಾರೂ ಏನೂ ಮಾಡಬೇಕಿಲ್ಲ ಎಂದಲ್ಲ. ಜೊತೆಗೆ 'ಶ್ಯಾಲ್' ಕೂಡ ತಪ್ಪು. ಅದು ಒಬ್ಬರ ಮೇಲೆ ಕರ್ತವ್ಯ ಹೊರಿಸುವ ಮಾತು, ಇಲ್ಲಿರುವುದು ಪೂರೈಕೆದಾರನ ಅಧಿಕಾರ.

ಕೊನೆಗೆ ನಿಂತ ವಾಕ್ಯದ ಮುಖ್ಯ ಭಾಗ ಹೀಗಿದೆ: 'ದ ಸಪ್ಲೈಯರ್ ಮೇ ಟರ್ಮಿನೇಟ್ ದಿಸ್ ಅಗ್ರಿಮೆಂಟ್, ವಿಥೌಟ್ ಕೋರ್ಟ್ ಪ್ರೊಸೀಡಿಂಗ್ಸ್, ಬೈ ಡಿಕ್ಲೇರಿಂಗ್ ದಟ್ ಇಟ್ ಇನ್ವೋಕ್ಸ್ ದಿಸ್ ಕ್ಲಾಸ್.' ವಿಧಿಯ ಸಂಖ್ಯೆಯನ್ನೂ ವಾಕ್ಯದೊಳಗೇ ಇಟ್ಟೆ. ಘೋಷಣೆಯ ಮಾತು ಮೂಲ ವಾಕ್ಯದಲ್ಲಿ ಇರಲಿಲ್ಲ, ಅದು ಬಂದದ್ದು ವಿಧಿಯಿಂದ. ಹಾಗಾಗಿ ಅಂಚಿನಲ್ಲಿ ಟಿಪ್ಪಣಿ ಹಾಕಿ ಅನುವಾದ ಮಾಡಿಸಿದವರ ಒಪ್ಪಿಗೆ ಪಡೆದೆ. ಹೇಳದೆ ಸೇರಿಸುವುದು ಅನುವಾದಕರ ಹಕ್ಕಲ್ಲ.

ಅದರ ಮುಂದಿನ ಷರತ್ತಿನಲ್ಲಿ 60 ದಿನದ ಮುನ್ಸೂಚನೆಯ 'ರೆಚೆಸ್ಸೊ' ಕಾದಿತ್ತು. ಅದಕ್ಕೂ 'ಟರ್ಮಿನೇಷನ್' ಹಾಕಿದ್ದೆ. ತಪ್ಪೇ ನಡೆಯದಿದ್ದರೂ ಹೊರನಡೆಯುವ ಹಕ್ಕು ಅದು, ಹಿಂದಿನ ಷರತ್ತಿನ 'ರಿಸೊಲುತ್ಸಿಯೊನೆ' ತಪ್ಪಿಗೆ ಉತ್ತರ. 1458ನೇ ವಿಧಿಯಂತೆ ತಪ್ಪಿನಿಂದಾದ ರಿಸೊಲುತ್ಸಿಯೊನೆ ಪಕ್ಷಗಳ ನಡುವೆ ಹಿಂದಿನಿಂದಲೇ ಲಾಗು. ನಿರ್ವಹಣೆಯಂಥ ನಿರಂತರ ಕರಾರಿನಲ್ಲಿ ಮಾತ್ರ ಈಗಾಗಲೇ ಮಾಡಿದ ಕೆಲಸಕ್ಕೆ ಅದು ತಟ್ಟದು. ಅದಕ್ಕೇ ರೆಚೆಸ್ಸೊವನ್ನು 'ವಿತ್‌ಡ್ರಾವಲ್' ಮಾಡಿದೆ, ಮತ್ತೊಂದನ್ನು 'ಟರ್ಮಿನೇಷನ್ ಫಾರ್ ಬ್ರೀಚ್'.

ಮುಂದಿನದು ಹೊಣೆಯ ಷರತ್ತು. 'ದೋಲೊ', ಅಂದರೆ ಬೇಕೆಂದೇ ಮಾಡಿದ ತಪ್ಪು, ಇಲ್ಲವೇ 'ಕೋಲ್ಪಾ ಗ್ರಾವೆ', ಅಂದರೆ ಘೋರ ನಿರ್ಲಕ್ಷ್ಯ, ಇದ್ದಾಗ ಹೊಣೆ ತಪ್ಪಿಸುವ ಮಾತು 1229ನೇ ವಿಧಿಯಂತೆ ಶೂನ್ಯ. ದೋಲೊಗೆ ನಿಘಂಟು 'ಫ್ರಾಡ್' ಎನ್ನುತ್ತದೆ. ಮೋಸವಿಲ್ಲದೆಯೂ ಬೇಕೆಂದೇ ಕರಾರು ಮುರಿಯಬಹುದಲ್ಲ, ಹಾಗಾಗಿ 'ವಿಲ್‌ಫುಲ್ ಮಿಸ್‌ಕಂಡಕ್ಟ್' ಇಟ್ಟು ಶುರುಮಾಡುತ್ತೇನೆ. ಕೋಲ್ಪಾ ಗ್ರಾವೆಗೆ ಹೊಂದುವ 'ಗ್ರಾಸ್ ನೆಗ್ಲಿಜೆನ್ಸ್'ಗೆ ಇಂಗ್ಲೆಂಡಿನ ಕಾನೂನಿನಲ್ಲಿ ಗಟ್ಟಿ ಅರ್ಥವಿಲ್ಲ, ಅಲ್ಲಿ ಇನ್ನೂ ಕೆಲಸವಿದೆ.