ಚಿನ್ನದಂಗಡಿಗೆ ಬರೆದ ಪತ್ರ: ಮೂರನೇ ಕರಡಿನವರೆಗೆ

ಗಾಂಧಿ ಬಜಾರಿನ ಶೇಟ್ರ ಅಂಗಡಿಯ ಇನ್‌ಸ್ಟಾಗ್ರಾಮ್, ವಾಟ್ಸಾಪ್ ಎರಡನ್ನೂ ಮೂರು ತಿಂಗಳು ಪ್ರಯೋಗಕ್ಕೆ ನಮ್ಮ ಏಜೆನ್ಸಿಗೆ ಕೊಡಿ ಅಂತ ಕೇಳುವ ಪತ್ರ ಇದು. ಮೊದಲ ಕರಡಿನಲ್ಲಿ ‘ಫಾಲೋವರ್ಸ್ ಜಾಸ್ತಿ ಮಾಡುತ್ತೇವೆ’ ಎಂದು ಬರೆದಿದ್ದೆ. ಹೆಂಡತಿ ಓದಿ, “ಅದನ್ನ ಶೇಟ್ರು ತಕ್ಕಡಿಗೆ ಹಾಕ್ತಾರಾ?” ಅಂದಳು. ಹರಿದು ಹಾಕಿದೆ.

ಎರಡನೇ ಕರಡು ಕ್ಯಾಲೆಂಡರಿಗೆ ಸಿಕ್ಕಿಬಿತ್ತು. ಈಗ ಶುರು ಮಾಡಿದರೆ ಮೊದಲ ತಿಂಗಳು ಆಷಾಢ. ಮದುವೆ ಇಲ್ಲ, ಅಂಗಡಿ ಖಾಲಿ. ಎರಡನೆಯದು ಶ್ರಾವಣ, ವರಮಹಾಲಕ್ಷ್ಮಿ ಹಬ್ಬ. ಮೂರನೆಯದು ಭಾದ್ರಪದ. ಗಣೇಶನ ಹಬ್ಬ ಆಯಿತು ಅನ್ನುವಷ್ಟರಲ್ಲಿ ಪಿತೃಪಕ್ಷ. ಅಂದರೆ ವ್ಯಾಪಾರ ಇರುವುದು ನಡುವಿನ ತಿಂಗಳಲ್ಲಿ ಮಾತ್ರ. ಇದನ್ನು ಮೊದಲೇ ಹೇಳದಿದ್ದರೆ ಆಷಾಢದ ಕೊನೆಗೇ ನಮ್ಮನ್ನು ಕಳಿಸಿಬಿಡುತ್ತಾರೆ. ಹಾಗಾಗಿ ಮೂರನೇ ಕರಡಿನಲ್ಲಿ ಹೀಗೆ ಬರೆದೆ:

“ಶೇಟ್ರೇ, ಮೊದಲ ತಿಂಗಳು ವ್ಯಾಪಾರ ತರುತ್ತೇವೆ ಎಂದು ಹೇಳುವುದಿಲ್ಲ. ಅಂಗಡಿ ಖಾಲಿ ಇರುವಾಗಲೇ ಮಾಲು ಹೊರಗೆ ತೆಗೆದು ಶೂಟ್ ಮಾಡಿಕೊಳ್ಳುತ್ತೇವೆ. ಶ್ರಾವಣದಲ್ಲಿ ನಿಮಗೆ ಪುರುಸೊತ್ತು ಇರುವುದಿಲ್ಲ. ನಮ್ಮ ಫೀಸು ತಿಂಗಳಿಗೆ 15,000 ರೂಪಾಯಿ. ಜಾಹೀರಾತಿನ ದುಡ್ಡು ಬೇರೆ, ಅದು ನಿಮ್ಮ ಕಾರ್ಡಿನಿಂದಲೇ ನೇರ ಹೋಗಲಿ. ಖಾತೆಗಳು ನಿಮ್ಮ ನಂಬರಿನಲ್ಲೇ ಇರುತ್ತವೆ. ನಾವು ಹೋದರೂ ಅವು ನಿಮ್ಮವೇ.”

ಯಾವ ಜಾಹೀರಾತಿಂದ ಎಷ್ಟು ಜನ ಬಂದರು ಅನ್ನುವ ಲೆಕ್ಕಕ್ಕೆ ಸುಲಭದ ದಾರಿ ಸಿಕ್ಕಿತು. ಪ್ರತಿ ಜಾಹೀರಾತಿಗೂ ಒಂದು ಬೇರೆ `wa.me` ಲಿಂಕ್. ಒತ್ತಿದರೆ ವಾಟ್ಸಾಪ್ ತೆರೆದು ‘ಜುಮುಕಿ ನೋಡಿದೆ, ತೂಕ ಎಷ್ಟು?’ ಎಂಬ ಸಾಲು ತಾನೇ ತುಂಬಿಕೊಂಡಿರುತ್ತದೆ. ಯಾವ ಜಾಹೀರಾತಿಂದ ಬಂದವರು ಅಂತ ಆ ಸಾಲೇ ಹೇಳುತ್ತದೆ. ಕೆಲವರು ಅಳಿಸಿ ‘ಹಾಯ್’ ಅಂತಷ್ಟೇ ಕಳಿಸುತ್ತಾರೆ, ಇನ್ನು ಕೆಲವರು ಏನೂ ಕಳಿಸದೆ ನೇರ ಅಂಗಡಿಗೇ ಬರುತ್ತಾರೆ. ಅದಕ್ಕೆ ಗಲ್ಲಾದ ಹತ್ತಿರ ಒಂದು ನೋಟ್‌ಬುಕ್ ಇಟ್ಟು, ‘ಎಲ್ಲಿ ನೋಡಿದ್ರಿ?’ ಅಂತ ಕೇಳಿ ಬರೆಯಲೇಬೇಕು. ಇದು ಅಂಗಡಿಯ ಹುಡುಗರ ಕೆಲಸ. ಅವರು ಮರೆತರೆ ನಮ್ಮ ಲೆಕ್ಕವೂ ಕುಂಟುತ್ತದೆ.

ಪತ್ರದ ಜೊತೆ ಸ್ಯಾಂಪಲ್ ಇರಲಿ ಅಂತ ಒಂದು ಜೊತೆ ಜುಮುಕಿ ಶೂಟ್ ಮಾಡಿದೆ. ಶೋಕೇಸಿನ ಬಿಳಿ ಎಲ್‌ಇಡಿ ಕೆಳಗೆ ಚಿನ್ನ ನಿಂಬೆಹಣ್ಣಿನ ಬಣ್ಣಕ್ಕೆ ಬಂತು, ಜುಮುಕಿಯ ಗುಂಡಿನಲ್ಲಿ ನನ್ನ ಫೋನೇ ಕಾಣುತ್ತಿತ್ತು. ಬೆಳಿಗ್ಗೆ ಬಾಗಿಲ ಪಕ್ಕದ ನೆರಳಿಗೆ ತಂದು, ಕೆಳಗೆ ಮರೂನ್ ಬಟ್ಟೆ ಹಾಸಿ, ಎದುರಿಗೆ ಬಿಳಿ ರಟ್ಟು ಹಿಡಿದ ಮೇಲೆ ಸರಿಯಾಯಿತು. ಆಗ ಕಂಡಿದ್ದು ಬೆರಳಚ್ಚು! ಒರೆಸಿ ಮತ್ತೆ ತೆಗೆದೆ.

ನಿನ್ನೆ ಪತ್ರ ಕೊಟ್ಟೆ. ಶೇಟ್ರು ಪೂರ್ತಿ ಓದಿ, ಪೆನ್ಸಿಲ್‌ನಲ್ಲಿ ಒಂದು ಸಾಲು ಸೇರಿಸಿದರು: ‘ಆರ್ಡರ್ ಕೊಟ್ಟು ಮಾಡಿಸಿದ ಒಡವೆಯ ಫೋಟೋ ಹಾಕಕೂಡದು.’ ನನಗೆ ಹೊಳೆದೇ ಇರಲಿಲ್ಲ. ಸೋಮವಾರ ನಾಲ್ಕನೇ ಕರಡು ತಗೊಂಡು ಬಾ ಅಂದಿದ್ದಾರೆ.