ಪಲ್ಪರ್ ಸಭೆ ಮುಗಿದ ಸಂಜೆಯ ಮೇಲ್

ನವೆಂಬರ್ 12, 2025, ಬುಧವಾರ
ಸುಂಟಿಕೊಪ್ಪ

ಇವತ್ತು ಮಧ್ಯಾಹ್ನ ನಮ್ಮ ಬೆಳೆಗಾರರ ಗುಂಪಿನ ಸಭೆ ಇತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಲು ನಾವೆಲ್ಲ ಸೇರಿ ಇಟ್ಟುಕೊಂಡಿರುವ ಪಲ್ಪರ್ ಯಂತ್ರ ಮತ್ತು ಬೀಜ ಒಣಗಿಸುವ ಕಣವನ್ನು ಅರೇಬಿಕಾ ಕೊಯ್ಲಿಗೆ ಸಿದ್ಧ ಮಾಡುವುದೇ ವಿಷಯ. ಕೊಯ್ಲು 28ಕ್ಕೆ ಶುರು ಅಂತ ಒಪ್ಪಿದೆವು. ಡಿಸೆಂಬರ್ ಮೊದಲ ವಾರ ಹುತ್ತರಿ ಹಬ್ಬ. ಆಗ ಕೆಲಸದವರು ಸಿಗುವುದು ಕಷ್ಟ, ಅಷ್ಟರೊಳಗೆ ಮೊದಲ ಸುತ್ತು ಒಂದಿಷ್ಟಾದರೂ ಆಗಬೇಕು.

ಸಭೆಯ ಮೇಲ್ ಬರೆಯುವ ಕೆಲಸ ನನ್ನದು. ಅದನ್ನು ಅದೇ ಸಂಜೆ ಕಳಿಸುತ್ತೇನೆ. ಒಂದು ರಾತ್ರಿ ಕಳೆದರೆ ಒಬ್ಬೊಬ್ಬರ ನೆನಪು ಒಂದೊಂದು ಕಡೆ ಹೋಗುತ್ತದೆ.

ಕಣದ ಕೆಲಸವನ್ನೇ ನೋಡಿ. ಸಿಮೆಂಟ್ ಕಣದಲ್ಲಿ ಬಿರುಕು ಬಿಟ್ಟಿದೆ, ಮಳೆ ಬಿಟ್ಟ ಮೇಲೆ ಮುಚ್ಚಬೇಕು. ಸಭೆಯಲ್ಲಿ ಬಂದ ಮಾತು "ಕೊಯ್ಲಿಗೆ ಮುಂಚೆ ಮಾಡಿಬಿಡೋಣ" ಅಂತ. ಅಷ್ಟನ್ನೇ ಬರೆದರೆ 27ನೇ ತಾರೀಖು ಸಂಜೆ ಮೇಸ್ತ್ರಿ ಬಂದರೂ ಮಾತು ಉಳಿಸಿಕೊಂಡಂತೆಯೇ. ಆದರೆ ಹಚ್ಚಿದ ಸಿಮೆಂಟ್‌ಗೆ ಕಡಿಮೆ ಅಂದರೂ ಏಳು ದಿನ ನೀರು ಹಾಕಬೇಕು. ಆಮೇಲೆ ಕಣ ಒಣಗಬೇಕು. ಹಾಗಾಗಿ 28ರಿಂದ ಹಿಂದಕ್ಕೆ ಎಣಿಸಿದೆ. ನೀರು ಹಾಕುವುದು 24ಕ್ಕೆ ಮುಗಿಯಬೇಕು, ಅಂದರೆ ಮೇಸ್ತ್ರಿ ಕೆಲಸ 17ಕ್ಕೇ ಮುಗಿಯಬೇಕು. ಗಡುವು ಇದು. ನಡುವೆ ಉಳಿಯುವ ಮೂರು ದಿನ ನವೆಂಬರ್ ಮಳೆಗೆ ಬಿಟ್ಟದ್ದು.

ಈ ಕೆಲಸಕ್ಕೆ ಇಬ್ಬರು ಕೈ ಎತ್ತಿದ್ದರು, ಕಾರ್ಯದರ್ಶಿ ಮತ್ತು ಖಜಾಂಚಿ ಅಕ್ಕ. ಇಬ್ಬರ ಹೆಸರನ್ನೂ ಬರೆದರೆ ಮೇಸ್ತ್ರಿಗೆ ಫೋನ್ ಮಾಡಿದ್ದು ಅವರು ಅಂತ ಇವರು, ಇವರು ಅಂತ ಅವರು ಸುಮ್ನೆ ಇದ್ದುಬಿಡುತ್ತಾರೆ. ಎದ್ದು ಹೋಗುವ ಮುಂಚೆಯೇ ಕೇಳಿದೆ: "ಅಣ್ಣ, ಮೇಸ್ತ್ರಿ ಬರಲಿಲ್ಲ ಅಂದರೆ ನಾನು ಯಾರನ್ನು ಕೇಳಲಿ?" ಕಾರ್ಯದರ್ಶಿ "ನನ್ನನ್ನೇ ಕೇಳಿ" ಅಂದರು. ಹೊಣೆ ಅವರದಾಯಿತು. ಅಕ್ಕ ದುಡ್ಡು ಕೊಡುವವರು, ಅದು ಬೇರೆಯೇ ಸಾಲು.

ಟಾರ್ಪಾಲ್ ತರುವ ಕೆಲಸವನ್ನು ಬೇಗ ಎದ್ದು ಹೋಗಿದ್ದ ಒಬ್ಬ ಸದಸ್ಯರ ಹೆಸರಿಗೆ ಹಾಕಿದ್ದರು. ಇಲ್ಲದವರ ಹೆಸರನ್ನು ಕೇಳದೆ ಮೇಲ್‌ನಲ್ಲಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಫೋನ್ ಮಾಡಿದೆ. ಅವರು 20ರವರೆಗೆ ಮೈಸೂರಲ್ಲಿರುತ್ತಾರಂತೆ. "22ಕ್ಕೆ ತಂದುಕೊಡ್ತೀನಿ" ಅಂದರು. ಸಭೆಯಲ್ಲಿ ಹೇಳಿದ್ದ 18 ಬಿಟ್ಟು 22 ಅಂತಲೇ ಬರೆದೆ.

ಪಲ್ಪರ್ ವಿಷಯದಲ್ಲಿ ಇನ್ನೊಂದು ತೊಡಕು. "ಪಲ್ಪರ್ ರೆಡಿ" ಅಂದರೆ ಏನು? ಮೋಟರ್ ತಿರುಗಿದರೆ ರೆಡಿ ಅಂತ ಒಬ್ಬರು ತಿಳಿಯಬಹುದು. ಆದರೆ ಪ್ಲೇಟಿನ ಸಂದು ಜಾಸ್ತಿ ಇದ್ದರೆ ಹಣ್ಣು ಸಿಪ್ಪೆ ಸಮೇತ ಹಾಗೇ ಹೊರಗೆ ಬರುತ್ತದೆ, ಕಡಿಮೆ ಇದ್ದರೆ ಬೀಜ ಕತ್ತರಿಸುತ್ತದೆ. ಬಿಡಿಸಿದ ಅರೇಬಿಕಾ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು, 28ಕ್ಕೆ ಸಂದು ಸರಿ ಮಾಡುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ ಕೆಲಸ ಮುಗಿದದ್ದು ಹೇಗೆ ಗೊತ್ತಾಗಬೇಕು ಅನ್ನುವುದನ್ನೂ ಸಾಲಿನೊಳಗೇ ಸೇರಿಸಿದೆ.

ಮೇಲ್ ಹೀಗೆ ಹೋಯಿತು:

ವಿಷಯ: ನ. 12ರ ಸಭೆ – ಯಾರು, ಏನು, ಯಾವತ್ತಿಗೆ

ಕಾರ್ಯದರ್ಶಿ – ಕಣದ ಬಿರುಕು ಮುಚ್ಚಿಸುವುದು – ನ. 17, ಸೋಮವಾರ ಸಂಜೆ.
ಖಜಾಂಚಿ – ಮೇಸ್ತ್ರಿಗೆ ಮುಂಗಡ ಚೆಕ್ – ನ. 14, ಶುಕ್ರವಾರ.
ಉಪಾಧ್ಯಕ್ಷರು – ಪಲ್ಪರ್ ಮೋಟರ್ ಕುಶಾಲನಗರದಿಂದ ತಂದು ಕೂರಿಸಿ, ಒಂದು ಬುಟ್ಟಿ ಹಣ್ಣು ಹಾಕಿ ನೋಡುವುದು. ಬೀಜ ಕತ್ತರಿಸಬಾರದು, ಹಣ್ಣು ಹಾಗೇ ಬರಬಾರದು – ನ. 25, ಮಂಗಳವಾರ.
ಟಾರ್ಪಾಲ್ ಹೊಣೆ ಹೊತ್ತ ಸದಸ್ಯರು – ನ. 22, ಶನಿವಾರ (ಫೋನಿನಲ್ಲಿ ಒಪ್ಪಿದ್ದಾರೆ).
ತೀರ್ಮಾನ ಆಗದ್ದು: ಪಲ್ಪರ್ ನೀರಿನ ಗುಂಡಿ ಎಲ್ಲಿ ತೋಡುವುದು. ನ. 16ಕ್ಕೆ ಜಾಗ ನೋಡಿ ಮಾತಾಡುವುದು, ಕರೆಯುವವರು ಅಧ್ಯಕ್ಷರು.
ತಿದ್ದುಪಡಿ ಇದ್ದರೆ ನಾಳೆ ಸಂಜೆ 6ರೊಳಗೆ ತಿಳಿಸಿ.

ಇಲ್ಲಿ ಹೆಸರುಗಳ ಬದಲು ಹುದ್ದೆ ಹಾಕಿದ್ದೇನೆ, ಮೇಲ್‌ನಲ್ಲಿ ಹೆಸರೇ ಇತ್ತು. ಹೆಸರು ಸಾಲಿನ ಶುರುವಿನಲ್ಲೇ ಬರಬೇಕು, ಎಲ್ಲರೂ ಮೊದಲು ಹುಡುಕುವುದು ಅದನ್ನೇ. ಎಕ್ಸೆಲ್ ಫೈಲ್ ಲಗತ್ತಿಸಲಿಲ್ಲ. ನಮ್ಮ ತೋಟಗಳಲ್ಲಿ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ, ಫೈಲ್ ತೆರೆದುಕೊಳ್ಳುವುದಿಲ್ಲ. ನೀರಿನ ಗುಂಡಿಯನ್ನು ಬೇರೆ ಇಟ್ಟದ್ದೂ ಬೇಕೆಂದೇ. ಒಪ್ಪದೇ ಇರುವುದಕ್ಕೆ ಕೆಲಸದ ಗಡುವು ಹಾಕಿದರೆ ಒಪ್ಪಿದ ಹಾಗೆ ಕಾಣುತ್ತದೆ, ಅಲ್ವಾ?

ರಾತ್ರಿ ಒಂಬತ್ತಕ್ಕೆ ಅಕ್ಕನ ಉತ್ತರ ಬಂತು. ಚೆಕ್‌ಗೆ ಇಬ್ಬರ ಸಹಿ ಬೇಕು, ಅಧ್ಯಕ್ಷರು ಶುಕ್ರವಾರ ಊರಲ್ಲಿರುವುದಿಲ್ಲ. ಸಭೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಧ್ಯಕ್ಷರಿಗೆ ಫೋನ್ ಮಾಡಿ ಕೇಳಿದೆ, ನಾಳೆ ಬೆಳಿಗ್ಗೆಯೇ ಸಹಿ ಹಾಕುತ್ತಾರೆ. ಅದೇ ಮೇಲ್‌ಗೆ ಉತ್ತರವಾಗಿ "ಚೆಕ್: ನ. 14 ಇದ್ದದ್ದು ನ. 13, ಗುರುವಾರ" ಅಂತ ಎಲ್ಲರಿಗೂ ಕಳಿಸಿದೆ. ಹಳೆಯ ತಾರೀಖನ್ನು ಅಳಿಸಲಿಲ್ಲ, ಏನು ಬದಲಾಯಿತು ಅಂತ ಕಾಣಬೇಕು. ಇನ್ನು ಶನಿವಾರ ಕಾರ್ಯದರ್ಶಿಗೆ ಫೋನ್ ಮಾಡಿ ಮೇಸ್ತ್ರಿ ಬಂದರಾ ಅಂತ ಕೇಳಬೇಕು.