ಕ್ಯಾಪ್ಷನ್‌ನ ಹನ್ನೊಂದನೇ ಸಾಲು

ಶಿರಸಿಯ ದೇವಿಕೆರೆ ಹತ್ತಿರ ಒಂದು ಕೋಣೆಯಲ್ಲಿ ಕೂತು ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. ಮದುವೆ, ಉಪನಯನ, ಹೋಮ್‌ಸ್ಟೇ ಎಲ್ಲಾ ಬರುತ್ತವೆ. ಆದರೆ ತಿಂಗಳ ಅರ್ಧ ಕೆಲಸ ಅಡುಗೆ ರೀಲ್ಸ್ ಮಾಡುವ ಒಬ್ಬ ಅಕ್ಕನದು. ಅವಳು ತಂಬುಳಿ, ತೊಡದೇವು, ಅಪ್ಪೆಹುಳಿ ಮಾಡಿ ತೋರಿಸುತ್ತಾಳೆ. ಜನ ಅವಳನ್ನು ಮನೆಯವಳ ಹಾಗೆ ನಂಬುತ್ತಾರೆ. ಅದೇ ನಂಬಿಕೆಯ ಮೇಲೆ ನಾವಿಬ್ಬರೂ ಒಂದು ತಪ್ಪು ಮಾಡಿದೆವು.

ಒಂದು ಕಂಪನಿಯವರು ಉಪ್ಪಾಗೆ ಪುಡಿಯ ಪ್ರಚಾರಕ್ಕೆ ಕೇಳಿದರು. ನಮ್ಮ ಕಡೆ ಉಪ್ಪಾಗೆ ಹೊಸದೇನಲ್ಲ. ಮಳೆಗಾಲದಲ್ಲಿ ಕಾಡಿನಿಂದ ಹಣ್ಣು ತಂದು, ಸಿಪ್ಪೆ ಬಿಡಿಸಿ, ಬೆಂಕಿಯ ಮೇಲೆ ಒಣಗಿಸಿ ಮಾರುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. ಹಾಗಾಗಿ ನಮಗೆ ಅನುಮಾನವೇ ಬರಲಿಲ್ಲ. ಆರು ಸಾವಿರ ರೂಪಾಯಿ, ಜೊತೆಗೆ ಎರಡು ಡಬ್ಬಿ ಪುಡಿ. ಹೇಳಬೇಕಾದ ಮಾತನ್ನು ಅವರೇ ಬರೆದು ಕಳಿಸಿದ್ದರು: "ನಾನು ದಿನಾ ಬೆಳಿಗ್ಗೆ ಕುಡಿಯೋದು ಇದನ್ನೇ. ತಿಂಗಳಿಗೆ ಐದು ಕೆಜಿ ಇಳಿಯುತ್ತೆ, ಶುಗರ್ ಕೂಡ ಹತೋಟಿಗೆ ಬರುತ್ತೆ."

ಅಕ್ಕ ಅದನ್ನು ಕುಡಿದಿದ್ದು ಎರಡೇ ದಿನ, ಅದೂ ಶೂಟಿಂಗ್‌ಗಾಗಿ.

ರೀಲ್ 45 ಸೆಕೆಂಡಿನದು. ದುಡ್ಡು ತಗೊಂಡಿದ್ದು ಗೊತ್ತಾದರೆ ಜನ ನೋಡಲ್ಲ, ಎಲ್ಲಾದರೂ ಕೆಳಗೆ ಹಾಕಿ ಅಂತ ಕಂಪನಿಯವರು ಹೇಳಿದರು. ನಾನು ಕ್ಯಾಪ್ಷನ್‌ನ ಹನ್ನೊಂದನೇ ಸಾಲಿನಲ್ಲಿ, ಬೇರೆ ಹ್ಯಾಷ್‌ಟ್ಯಾಗ್‌ಗಳ ನಡುವೆ #collab ಅಂತ ಸೇರಿಸಿದೆ. ಕ್ಯಾಪ್ಷನ್ ಬಿಡಿಸಿ ಕೊನೆತನಕ ಓದಿದವರಿಗೆ ಮಾತ್ರ ಅದು ಕಾಣುತ್ತಿತ್ತು. ಬಚ್ಚಿಟ್ಟ ಕೈ ನನ್ನದೇ.

ಎರಡು ವಾರ ಕಳೆದ ಮೇಲೆ ಬನವಾಸಿ ಕಡೆಯ ಒಬ್ಬರು ಅಮ್ಮ ಅಕ್ಕನಿಗೆ ಫೋನ್ ಮಾಡಿದರು. ಶುಗರ್ ಇದ್ದವರು. ಪುಡಿ ತರಿಸಿಕೊಂಡು, ಮಾತ್ರೆ ಬಿಟ್ಟು, ಎಂಟು ದಿನ ಬರೀ ಇದನ್ನೇ ಕುಡಿದಿದ್ದಾರೆ. ತಲೆ ಸುತ್ತಿ ಬಂದಾಗ ಮಗ ಆಸ್ಪತ್ರೆಗೆ ಕರೆದುಕೊಂಡು ಹೋದ. ಶುಗರ್ ತುಂಬಾ ಏರಿತ್ತು. ಪುಡಿ ವಿಷವಾಗಿತ್ತು ಅಂತ ಅಲ್ಲ, ಮಾತ್ರೆ ನಿಂತಿದ್ದೇ ಕಾರಣ. ಈಗ ಹುಷಾರಾಗಿದ್ದಾರೆ. ಅವರು ಸಿಟ್ಟು ಮಾಡಲಿಲ್ಲ. ಇಷ್ಟೇ ಹೇಳಿದರು: "ತಂಗೀ, ಅದು ದುಡ್ಡಿಗೆ ಹೇಳಿದ ಮಾತು ಅಂತ ಗೊತ್ತಿದ್ದಿದ್ರೆ ಡಾಕ್ಟರನ್ನ ಒಂದು ಮಾತು ಕೇಳ್ತಿದ್ದೆ. ನೀನೇ ಕುಡೀತೀನಿ ಅಂದೆ ಅಲ್ವಾ, ಅದಕ್ಕೆ ಕೇಳಲಿಲ್ಲ."

ಫೋನ್ ಸ್ಪೀಕರ್‌ನಲ್ಲಿತ್ತು, ನಾನೂ ಕೇಳಿಸಿಕೊಂಡೆ. ಅವತ್ತೇ ರೀಲ್ ತೆಗೆದೆವು. ಆಮೇಲೆ ಕೂತು ನಿಯಮಗಳನ್ನು ಸರಿಯಾಗಿ ಓದಿದೆ. ಮೊದಲೇ ಓದಬೇಕಿತ್ತು.

ಗ್ರಾಹಕ ರಕ್ಷಣಾ ಕಾಯ್ದೆ 2019ರದು. ದಾರಿ ತಪ್ಪಿಸುವ ಜಾಹೀರಾತನ್ನು ತಡೆಯುವ ಮಾರ್ಗಸೂಚಿ ಬಂದಿದ್ದು 2022ರ ಜೂನ್‌ನಲ್ಲಿ. ರೀಲ್ಸ್ ಮಾಡುವವರಿಗಾಗಿಯೇ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಒಂದು ಚಿಕ್ಕ ಕೈಪಿಡಿ ಹೊರತಂದಿತು. ಅದರಲ್ಲಿ ಇರುವ ಮುಖ್ಯ ಮಾತು ಇದು: ಕಂಪನಿಗೂ ನಿಮಗೂ ಏನು ಸಂಬಂಧ ಅನ್ನುವುದು ನೋಡುವವರ ಕಣ್ಣಿಗೆ ತಪ್ಪದ ಹಾಗೆ ಇರಬೇಕು. ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಸೇರಿಸಬಾರದು. ವಿಡಿಯೋ ಆದರೆ ಬರಹದಲ್ಲೂ ಇರಬೇಕು, ಬಾಯಲ್ಲೂ ಹೇಳಬೇಕು. ಮಾತಾಡುವ ಭಾಷೆಯಲ್ಲೇ ಇರಬೇಕು. ಅಕ್ಕ ಮಾತಾಡಿದ್ದು ಕನ್ನಡದಲ್ಲಿ, ನಾನು ಹಾಕಿದ್ದು ಇಂಗ್ಲಿಷಿನ ಒಂದು ತುಂಡು ಪದ. ಬನವಾಸಿಯ ಆ ಅಮ್ಮನಿಗೆ ಅದು ಕಂಡಿದ್ದರೂ ಏನು ಅರ್ಥವಾಗುತ್ತಿತ್ತು?

ಎಷ್ಟು ಹೊತ್ತು ಕಾಣಬೇಕು ಅನ್ನುವುದಕ್ಕೆ ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಆಸ್ಕಿ ಸಂಸ್ಥೆಯ ಲೆಕ್ಕ ಇದೆ. ಅದು 2021ರಲ್ಲಿ ಬಂದಿದ್ದು. 15 ಸೆಕೆಂಡಿಗಿಂತ ಚಿಕ್ಕ ವಿಡಿಯೋದಲ್ಲಿ ಕನಿಷ್ಠ 3 ಸೆಕೆಂಡ್. 15 ಸೆಕೆಂಡಿನಿಂದ 2 ನಿಮಿಷದವರೆಗೆ, ವಿಡಿಯೋದ ಮೂರನೇ ಒಂದು ಭಾಗ. ಅಂದರೆ ನಮ್ಮ ರೀಲ್‌ನಲ್ಲಿ 15 ಸೆಕೆಂಡ್ ಇರಬೇಕಿತ್ತು. ಇದ್ದಿದ್ದು ಸೊನ್ನೆ.

ದುಡ್ಡು ಬೇಡ, ಬರೀ ಡಬ್ಬಿ ತಗೊಂಡಿದ್ದರೆ ಹೇಳಬೇಕಿರಲಿಲ್ಲ ಅಲ್ವಾ ಅಂತ ಅಕ್ಕ ಕೇಳಿದಳು. ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ. ಇಲ್ಲ. ಪುಕ್ಕಟೆ ಸಾಮಾನು, ರಿಯಾಯಿತಿ, ಪ್ರವಾಸ, ಹೋಟೆಲ್ ವಾಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೇಳದೇ ಬಂದ ಉಡುಗೊರೆಯೂ ಬರುತ್ತದೆ. ಕಂಪನಿ ಅಣ್ಣನದೋ ಭಾವನದೋ ಆದರೆ ಅದನ್ನೂ ಹೇಳಬೇಕು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಇದಲ್ಲ. ನಾವು 'ಜಾಹೀರಾತು' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರೂ ಆ ರೀಲ್ ತಪ್ಪೇ ಆಗುತ್ತಿತ್ತು. ಯಾಕಂದ್ರೆ ಹೇಳಿದ ಮಾತೇ ಸುಳ್ಳು. ಪ್ರಚಾರ ಮಾಡುವವರ ಮಾತು ಅವರ ನಿಜವಾದ ಅಭಿಪ್ರಾಯ ಆಗಿರಬೇಕು, ಬಳಸಿ ನೋಡಿಯೋ ಸಾಕಷ್ಟು ತಿಳಿದುಕೊಂಡೋ ಹೇಳಿದ್ದಾಗಿರಬೇಕು ಅಂತ 2022ರ ಮಾರ್ಗಸೂಚಿ ಹೇಳುತ್ತದೆ. ಎರಡು ದಿನ ಕುಡಿದವಳು 'ದಿನಾ ಕುಡಿಯೋದು' ಅಂದಳು. ಐದು ಕೆಜಿ ಇಳಿದಿದ್ದನ್ನು ನಾವ್ಯಾರೂ ನೋಡಿಲ್ಲ.

ಕಂಪನಿಯವರಿಗೆ ಆಧಾರ ಕೊಡಿ ಅಂತ ಬರೆದೆ. ನಾಲ್ಕು ಜನ ಗ್ರಾಹಕರ ಮೆಚ್ಚುಗೆಯ ಸ್ಕ್ರೀನ್‌ಶಾಟ್ ಬಂತು, ಜೊತೆಗೆ ಡಬ್ಬಿಯ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್. ಆ ನಂಬರ್ ಆಹಾರ ಮಾರಲು ಕೊಟ್ಟ ಪರವಾನಗಿ, ಅಷ್ಟೇ. ತೂಕ ಇಳಿಯುತ್ತದೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಉಪ್ಪಾಗೆ ಸಿಪ್ಪೆಯ ಹುಳಿ ಅಂಶದ ಮೇಲೆ ಅಮೆರಿಕದಲ್ಲಿ 135 ಜನರನ್ನು 12 ವಾರ ಇಟ್ಟು ಮಾಡಿದ ಪರೀಕ್ಷೆ 1998ರಲ್ಲೇ ಪ್ರಕಟವಾಗಿದೆ. ಅದನ್ನು ತಗೊಂಡವರಿಗೂ ಸುಮ್ನೆ ಹುಸಿ ಮಾತ್ರೆ ನುಂಗಿದವರಿಗೂ ತೂಕದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನು ಶುಗರ್ ವಿಷಯ ಬೇರೆಯೇ. ಆಹಾರ ಅಂತ ಮಾರುವ ವಸ್ತು ರೋಗ ಗುಣ ಮಾಡುತ್ತದೆ ಅಂತ ಜಾಹೀರಾತಿನಲ್ಲಿ ಹೇಳುವ ಹಾಗೇ ಇಲ್ಲ.

ಇಂಥ ಜಾಹೀರಾತಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹತ್ತು ಲಕ್ಷದವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ. ಕಂಪನಿಗೆ ಮಾತ್ರ ಅಲ್ಲ, ಪ್ರಚಾರ ಮಾಡಿದವರಿಗೂ. ಮೊದಲ ಸಲ ಒಂದು ವರ್ಷದವರೆಗೆ ಯಾವ ಪ್ರಚಾರವನ್ನೂ ಮಾಡದಂತೆ ತಡೆಯಬಹುದು. ಬಚಾವಾಗುವ ದಾರಿ ಒಂದೇ: ಹೇಳುವ ಮೊದಲು ಆ ಮಾತು ನಿಜವಾ ಅಂತ ತಕ್ಕಷ್ಟು ಪರಿಶೀಲಿಸಿದ್ದೆವು ಅಂತ ತೋರಿಸಬೇಕು. ನಮ್ಮ ಹತ್ತಿರ ತೋರಿಸಲು ಏನಿತ್ತು? ನಾಲ್ಕು ಸ್ಕ್ರೀನ್‌ಶಾಟ್, ಅದೂ ಆಮೇಲೆ ಬಂದಿದ್ದು.

ಆರು ಸಾವಿರ ವಾಪಸ್ ಕಳಿಸಿದೆವು. ರೀಲ್ ಸುಮ್ಮನೆ ಅಳಿಸಿದರೆ ಸಾಲದು ಅಂತ ಅಕ್ಕನೇ ಹಟ ಹಿಡಿದಳು. ನೋಡಿದವರು ನೋಡಿಯಾಗಿದೆ, ಪುಡಿ ತರಿಸಿದವರು ತರಿಸಿಯಾಗಿದೆ. ಅದೇ ಅಡುಗೆಮನೆಯಲ್ಲಿ ನಿಂತು ಹೊಸ ವಿಡಿಯೋ ಮಾಡಿದಳು. ದುಡ್ಡು ತಗೊಂಡಿದ್ದೆ, ಎರಡೇ ದಿನ ಕುಡಿದಿದ್ದೆ, ಯಾರೂ ಮಾತ್ರೆ ಬಿಡಬೇಡಿ ಅಂದಳು. ಅದಕ್ಕೆ ಹಿನ್ನೆಲೆ ಸಂಗೀತ ಬೇಡ ಅಂದಳು, ನಾನು ಹಾಕಲಿಲ್ಲ.

ಈಗ ಯಾರೇ ಕೆಲಸ ತಂದರೂ ನಾನು ಶೂಟಿಂಗ್‌ಗೆ ಮೊದಲು ಮಾತಿನ ಪಟ್ಟಿ ಕೇಳುತ್ತೇನೆ. ಅಂಕಿ ಇರುವ, ಕಾಯಿಲೆಯ ಹೆಸರಿರುವ ಸಾಲುಗಳಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಆಧಾರ?' ಅಂತ ಬರೆದು ವಾಪಸ್ ಕಳಿಸುತ್ತೇನೆ. ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ದುಡಿಮೆ ಕಡಿಮೆಯಾಗಿದೆ, ಅದೂ ನಿಜ.

ಹೋದ ವಾರ ಗೋಕರ್ಣದ ಕಡೆಯ ಒಂದು ಹೋಮ್‌ಸ್ಟೇಯವರು ಎರಡು ರಾತ್ರಿ ಪುಕ್ಕಟೆ ಉಳಿಸಿಕೊಂಡರು. ವಿಡಿಯೋ 90 ಸೆಕೆಂಡ್. 30 ಸೆಕೆಂಡ್ ಸಾಕಿತ್ತು, ನಾನು 'ಜಾಹೀರಾತು: ಇಲ್ಲಿ ಪುಕ್ಕಟೆ ಉಳಿದಿದ್ದೇವೆ' ಅಂತ ಪೂರ್ತಿ 90 ಸೆಕೆಂಡೂ ಮೇಲ್ಗಡೆ ಬಿಟ್ಟೆ. ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಅದನ್ನು ಬಾಯಲ್ಲೂ ಹೇಳಿದಳು. ಬೆಳಿಗ್ಗೆ ಬಿಸಿನೀರು ಬರಲಿಲ್ಲ ಅನ್ನುವುದನ್ನೂ ಹೇಳಿದಳು. ಆ ತುಣುಕನ್ನು ನಾನು ಕತ್ತರಿಸಲಿಲ್ಲ.